ಗಲ್ಲಾಪೆಟ್ಟಿಗೆಯ ಮಾತ್ರೆ

ತಿಪಟೂರಿನ ರುದ್ರಣ್ಣನಿಗೆ ತಿಂಗಳುಗಟ್ಟಲೆಯಿಂದ ಬೆಳಿಗ್ಗೆ ಎದ್ದ ಕೂಡಲೇ ಹಿಂತಲೆ ಸಿಡಿಯುತ್ತಿತ್ತು. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ನೋವಿನ ಮಾತ್ರೆ ಇಟ್ಟಿದ್ದ. ಒಂದು ನುಂಗಿ, ಹಣೆಗೆ ಮುಲಾಮು ತಿಕ್ಕಿ ತಕ್ಕಡಿ ಹಿಡಿಯುತ್ತಿದ್ದ.

“ಒಂದ್ಸಲ ಡಾಕ್ಟ್ರಿಗೆ ತೋರಿಸ್ರೀ,” ಎನ್ನುತ್ತಿದ್ದಳು ಹೆಂಡತಿ ಗಿರಿಜಾ.

“ಬಿಸಿಲಿಗೆ ಕಣೇ. ಸುಮ್ನಿರು.”

ಭಾನುವಾರ ಎದುರಿನ ಶಾಲೆಯಲ್ಲಿ ಉಚಿತ ತಪಾಸಣೆ ಶಿಬಿರ. ಟೀಪುಡಿ, ಸಕ್ಕರೆ ಕೊಡಲು ಹೋದವನನ್ನು ನರ್ಸ್ ಹಿಡಿದು ಕೂರಿಸಿದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮುಳ್ಳು ಇಳಿಯುತ್ತಿದ್ದಂತೆ ಅವಳ ನಗು ಮಾಯವಾಯಿತು. ಐದು ನಿಮಿಷ ಮಾತಾಡದೆ ಕೂರಲು ಹೇಳಿ, ಇನ್ನೊಂದು ತೋಳಿಗೂ ಕಟ್ಟಿ ನೋಡಿದಳು. 210/124.

ಡಾಕ್ಟರೇ ಎದ್ದು ಬಂದರು. “ಎದೆನೋವು ಇದೆಯಾ? ಕೈಕಾಲು ಜೋಮು? ಕಣ್ಣು ಮಂಜು?”

“ನಿನ್ನೆ ರಾತ್ರಿ ಸಾಲದ ಪುಸ್ತಕದ ಅಕ್ಷರ ಎಲ್ಲಾ ಕಲಸಿದ ಹಾಗೆ ಕಾಣ್ತು ಸಾರ್. ತಲೆನೋವಿಗೆ ದಿನಾ ನೋವಿನ ಮಾತ್ರೆ ನುಂಗ್ತೀನಿ.”

“ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೈಕ್ ಮುಟ್ಟಬೇಡಿ. ಇಸಿಜಿ ಆಗಬೇಕು, ಕಣ್ಣು, ಕಿಡ್ನಿ ನೋಡಬೇಕು. ನೀವು ನುಂಗ್ತಿರೋ ಅಂಥ ಮಾತ್ರೆಗಳಲ್ಲಿ ಕೆಲವು ಬಿಪಿಯನ್ನು ಇನ್ನೂ ಏರಿಸುತ್ತವೆ.”

“ಅಂಗಡಿ ತೆಗೆದಿದೆ ಸಾರ್, ಸಂಜೆ ಹೋಗ್ತೀನಿ.”

“ಸಂಜೆಯೊಳಗೆ ಮೆದುಳಲ್ಲಿ ರಕ್ತ ಸೋರಿದರೆ?”

ಗಿರಿಜಾ ಅಷ್ಟರಲ್ಲಿ ಶಟರ್ ಎಳೆದು, ಆಟೊ ನಿಲ್ಲಿಸಿದ್ದಳು. ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಂಡರು. ಒತ್ತಡವನ್ನು ಒಮ್ಮೆಲೇ ಇಳಿಸುವುದೂ ಅಪಾಯವಂತೆ. ಗಂಟೆಗಂಟೆಗೂ ನೋಡುತ್ತಾ ನಿಧಾನಕ್ಕೆ ಇಳಿಸಿದರು. ಮೂರನೇ ದಿನ ಬಿಪಿ ಮಾತ್ರೆಯ ಚೀಟಿ ಕೊಟ್ಟು ಕಳಿಸುವಾಗ ರುದ್ರಣ್ಣ ಕೇಳಿದ, “ಸಾರ್, ಉಪ್ಪಿನಕಾಯಿ?”

“ಬೇಡ,” ಅಂದಳು ಗಿರಿಜಾ, ಡಾಕ್ಟರಿಗಿಂತ ಮೊದಲೇ.