ಡೇ ಕೇರ್ ಕೇಂದ್ರದ ಯೋಜನೆ: ಕುವೆಂಪುನಗರ, ಮೈಸೂರು

ಬಾಡಿಗೆಗೆ ಹಿಡಿದಿರುವ ಮನೆಯ ನೆಲಮಹಡಿಯಲ್ಲಿ ಮೂರು ಕೋಣೆ, ಒಂದು ಅಂಗಳ. ಆರು ತಿಂಗಳಿಂದ ಆರು ವರ್ಷದವರೆಗಿನ 26 ಮಕ್ಕಳಿಗಷ್ಟೇ ಜಾಗ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 8.30ರಿಂದ ಸಂಜೆ 6.30. ಬ್ಯಾಂಕಿಗೂ ಪೋಷಕರಿಗೂ ಇದೇ ಪ್ರತಿ ಕೊಡುತ್ತಿದ್ದೇವೆ.

ಯಾರ ಕೈಯಲ್ಲಿ ಎಷ್ಟು ಮಕ್ಕಳು

ಒಂದೂವರೆ ವರ್ಷದೊಳಗಿನ ಆರು ಕೂಸುಗಳಿಗೆ ಇಬ್ಬರು ಆಯಾ. ಒಂದೂವರೆಯಿಂದ ಮೂರು ವರ್ಷದ ಹತ್ತು ಮಕ್ಕಳಿಗೆ ಇಬ್ಬರು. ಮೂರರ ಮೇಲಿನ ಹತ್ತು ಮಕ್ಕಳಿಗೆ ಒಬ್ಬರು.

ಈ ಲೆಕ್ಕ ತಪ್ಪುವುದು ಮಧ್ಯಾಹ್ನ. ಆಯಾಗಳು ಊಟಕ್ಕೆ ಕೂರುವ ಹೊತ್ತಿಗೇ ಒಂದು ಕೂಸು ಎದ್ದು ಅಳುತ್ತದೆ, ಇನ್ನೊಂದಕ್ಕೆ ಡೈಪರ್ ಬದಲಿಸಬೇಕು. ಅದಕ್ಕೇ ಆರನೆಯ ಆಯಾ ಇದ್ದಾರೆ. ಯಾವ ಕೋಣೆಯಲ್ಲಿ ಕೈ ಕಡಿಮೆಯೋ ಅಲ್ಲಿಗೆ ಅವರು. ರಜೆ ಹಾಕಿದವರ ಜಾಗಕ್ಕೂ ಅವರೇ. ಖರ್ಚು ಉಳಿಸಲೆಂದು ಈ ಹುದ್ದೆ ತೆಗೆಯುವುದಿಲ್ಲ. ಅಡುಗೆಯವರನ್ನು ಆಯಾ ಲೆಕ್ಕಕ್ಕೆ ಸೇರಿಸಿಲ್ಲ.

ಸುರಕ್ಷತೆ

ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ, ಕೀಲಿ ಮೇಲ್ವಿಚಾರಕಿಯ ಹತ್ತಿರ. ಬಚ್ಚಲಲ್ಲಿ ಬಕೆಟ್ ತುಂಬಿಟ್ಟು ಹೋಗುವಂತಿಲ್ಲ: ಅಂಬೆಗಾಲಿಡುವ ಕೂಸಿಗೆ ಗೇಣುದ್ದ ನೀರೂ ಅಪಾಯ. ಮಕ್ಕಳ ಕೋಣೆಗಳ ಒಳಚಿಲಕ ತೆಗೆಸಿದ್ದೇವೆ. ಕೂಸುಗಳನ್ನು ಬೆನ್ನ ಮೇಲೆಯೇ ಮಲಗಿಸುತ್ತೇವೆ, ದಿಂಬಿಲ್ಲ. ವರ್ಷ ತುಂಬದವರಿಗೆ ಜೇನುತುಪ್ಪ ಇಲ್ಲ, ಯಾರಿಗೂ ಇಡೀ ಕಡಲೆಬೀಜ ಇಲ್ಲ, ದ್ರಾಕ್ಷಿಯನ್ನು ಉದ್ದುದ್ದ ಸೀಳಿ ಕೊಡುತ್ತೇವೆ. ತಾಯಿ ಕಳಿಸಿದ ಹಾಲಿನ ಬಾಟಲಿಗೆ ಮಗುವಿನ ಹೆಸರು, ಸಮಯ ಬರೆದು ಬಂದ ತಕ್ಷಣ ಫ್ರಿಜ್‌ನಲ್ಲಿಡುತ್ತೇವೆ. ಒಮ್ಮೆ ಕುಡಿದು ಬಿಟ್ಟದ್ದನ್ನು ಮತ್ತೆ ಕುಡಿಸುವುದಿಲ್ಲ.

ಮಗುವನ್ನು ಕರೆದೊಯ್ಯಬಹುದಾದ ಮೂವರ ಫೋಟೊ ರಿಜಿಸ್ಟರಿನಲ್ಲಿರುತ್ತದೆ. ನಾಲ್ಕನೆಯವರು ಸ್ವಂತ ಮಾವನೇ ಆಗಿರಲಿ, ತಾಯಿ ಅಥವಾ ತಂದೆ ಫೋನಿನಲ್ಲಿ ಹೇಳದೆ ಕಳಿಸುವುದಿಲ್ಲ. ಬೇಸರವಾದರೂ ಹಿರಿಯರು ಇದನ್ನು ಒಪ್ಪಬೇಕು.

ಕೆಲಸಕ್ಕೆ ಸೇರುವ ಎಲ್ಲರಿಗೂ ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು. 108 ಮತ್ತು ಮಕ್ಕಳ ಸಹಾಯವಾಣಿ 1098 ಬಾಗಿಲ ಪಕ್ಕದ ಗೋಡೆಯ ಮೇಲಿವೆ. ಜ್ವರ ಬಂದ ಮಗು ಔಷಧಿಯಿಲ್ಲದೆ 24 ಗಂಟೆ ಜ್ವರವಿಲ್ಲದೆ ಇದ್ದ ಮೇಲೆ ಬರಲಿ.

ಶುಲ್ಕ

ತಿಂಗಳಿಗೆ ಕೂಸುಗಳಿಗೆ ₹9,500, ನಡುವಿನವರಿಗೆ ₹7,500, ದೊಡ್ಡವರಿಗೆ ₹5,500. ಮೂವರಿಗೊಬ್ಬ ಆಯಾ ಬೇಕಾದ್ದರಿಂದ ಕೂಸುಗಳ ಶುಲ್ಕ ಹೆಚ್ಚು. ಇದರಲ್ಲಿ ಊಟ, ರಾಗಿ ಸರಿ, ಹಣ್ಣು ಸೇರಿವೆ.

ಜಾಗ ತುಂಬಿದಾಗ ತಿಂಗಳ ವರಮಾನ ₹1,87,000. ಆರು ಆಯಾಗಳ ಸಂಬಳ ₹90,000, ಅಡುಗೆಯವರಿಗೆ ₹13,000, ಬಾಡಿಗೆ ₹25,000, ದಿನಸಿ ₹22,000, ವಿದ್ಯುತ್ತು, ನೀರು, ಶುಚಿ, ವಿಮೆ ₹10,000. ಉಳಿಯುವ ₹27,000ದಲ್ಲೇ ಮೇಲ್ವಿಚಾರಕಿಯ ಸಂಬಳ, ಸಾಲದ ಕಂತು. ಮಕ್ಕಳು ಸುಮಾರು 22ಕ್ಕಿಂತ ಕಡಿಮೆಯಾದರೆ ಈ ಸಂಬಳ, ಕಂತು ಬಿಟ್ಟು ಉಳಿದ ಖರ್ಚಿಗೂ ಕೈಯಿಂದ ಹಾಕಬೇಕು. ಮೊದಲ ಆರು ತಿಂಗಳಿಗೆಂದು ₹2,00,000 ಬೇರೆ ಇಟ್ಟಿದ್ದೇವೆ.

ಒಂದೇ ಮನೆಯ ಎರಡನೆಯ ಮಗುವಿಗೆ ಶೇ 10 ರಿಯಾಯಿತಿ. ಸಂಜೆ 6.45ರ ಬಳಿಕ ಪ್ರತಿ ಅರ್ಧ ಗಂಟೆಗೆ ₹100, ಅದು ಪೂರ್ತಿ ಆ ಹೊತ್ತು ನಿಂತ ಆಯಾಗೆ ಸೇರುತ್ತದೆ.