ವಿಷಯ: ರಟ್ಟಿನ ಬಾಕ್ಸ್ ದರ ಏರಿಕೆ ಕೋರಿ ನೀವು ಬರೆದ ಪತ್ರಕ್ಕೆ ಉತ್ತರ

ಮೈಸೂರು, 12 ನವೆಂಬರ್ 2025

ಮಾನ್ಯರೇ,

ನಮಸ್ಕಾರ. ಐದು ಪ್ಲೈ ಮಾಸ್ಟರ್ ಬಾಕ್ಸ್ ದರವನ್ನು 42 ರೂಪಾಯಿಯಿಂದ 46.50ಕ್ಕೆ ಏರಿಸಬೇಕೆಂದು ನವೆಂಬರ್ 7ರಂದು ನೀವು ಬರೆದ ಪತ್ರ ತಲುಪಿದೆ. ಮಾಲೀಕರ ಜೊತೆ ಕೂತು ಮಾತಾಡಿಯೇ ಈ ಉತ್ತರ ಬರೆಯುತ್ತಿದ್ದೇನೆ. ಈ ಏರಿಕೆಯನ್ನು ಒಪ್ಪಲು ನಮಗೆ ಆಗುವುದಿಲ್ಲ.

ಎರಡೂ ಕಡೆಯವರು ಸಹಿ ಹಾಕಿದ ಕರಾರಿನ 4ನೇ ಕಲಂ ಹೀಗಿದೆ: "ಈ ದರಗಳು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಸ್ಥಿರ. ಕಾಗದ, ಕೂಲಿ ಅಥವಾ ಸಾಗಾಟದ ಖರ್ಚು ಏರಿದರೂ ಇಳಿದರೂ ದರ ಬದಲಾಗುವುದಿಲ್ಲ. ಜಿಎಸ್‌ಟಿ ಪ್ರತ್ಯೇಕ." ಈ ದರ ನಂಬಿಕೊಂಡೇ ನಾವು ನಮ್ಮ ಡೀಲರುಗಳಿಗೆ ಮಾರ್ಚ್‌ವರೆಗೆ ಅಗರಬತ್ತಿಯ ರೇಟ್ ಕೊಟ್ಟಿದ್ದೇವೆ. ಈಗ ಅವರ ಹತ್ತಿರ ಹೋಗಿ ಜಾಸ್ತಿ ಕೇಳುವ ಹಾಗಿಲ್ಲ.

ನಿಮ್ಮ ಕಷ್ಟ ಸುಳ್ಳು ಎನ್ನುತ್ತಿಲ್ಲ. ಸೆಪ್ಟೆಂಬರ್ 22ರಿಂದ ಬಾಕ್ಸ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು, ಕ್ರಾಫ್ಟ್ ಪೇಪರ್ ಮೇಲಿನದು 18ಕ್ಕೆ ಏರಿತು. ರೀಲ್ ಕೊಳ್ಳುವಾಗ ಜಾಸ್ತಿ ಕಟ್ಟಿ, ಬಾಕ್ಸ್ ಮಾರುವಾಗ ಕಡಿಮೆ ವಸೂಲಿ ಮಾಡುತ್ತೀರಿ. ನಡುವಿನ ದುಡ್ಡು ರಿಫಂಡ್ ಬರುವವರೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಅದು ಕೈಯಲ್ಲಿ ಓಡಾಡುವ ಹಣದ ತೊಂದರೆ ಅಲ್ವಾ? ಅದಕ್ಕೆ ಬಾಕ್ಸ್ ದರ ಏರಿಸುವುದು ಸರಿಯಲ್ಲ. ಹಣದ ಓಡಾಟಕ್ಕೆ ನಮ್ಮಿಂದಾದ ಸಹಾಯ ಮಾಡುತ್ತೇವೆ.

ಡಿಸೆಂಬರ್ 1ರಿಂದ ಮಾರ್ಚ್ ಕೊನೆಯವರೆಗೆ ನಿಮ್ಮ ಬಿಲ್ಲುಗಳನ್ನು 45 ದಿನದ ಬದಲು 20 ದಿನದಲ್ಲೇ ಪಾಸ್ ಮಾಡುತ್ತೇವೆ. ಎರಡು ತಿಂಗಳ ಆರ್ಡರ್ ಅನ್ನು ಮೊದಲೇ ಬರೆದು ಕೊಡುತ್ತೇವೆ. ಪೇಪರ್ ಒಟ್ಟಿಗೆ ಖರೀದಿಸಲು ನಿಮಗೆ ಅನುಕೂಲವಾಗಬಹುದು. ಮುಂದಿನ ವರ್ಷದ ದರದ ಬಗ್ಗೆ ಫೆಬ್ರವರಿ ಮೊದಲ ವಾರದಲ್ಲೇ ಕೂರೋಣ. ಆಗ ನಿಮ್ಮ ಪೇಪರ್ ಬಿಲ್ಲುಗಳನ್ನು ತನ್ನಿ, ಬಿಚ್ಚು ಮನಸ್ಸಿನಿಂದ ಲೆಕ್ಕ ಹಾಕೋಣ.

ಇನ್ನೊಂದು ಮಾತು ಹೇಳಲೇಬೇಕು. ದರ ಹೊಂದಿಸಲು ಪೇಪರಿನ ಜಿಎಸ್‌ಎಂ ಇಳಿಸಬೇಡಿ. ನಮ್ಮ ಗೋಡೌನಿನಲ್ಲಿ ಬಾಕ್ಸುಗಳನ್ನು ಏಳು ಸಾಲು ಎತ್ತರಕ್ಕೆ ಪೇರಿಸುತ್ತೇವೆ. ರಟ್ಟು ತೆಳ್ಳಗಾದರೆ ಕೆಳಗಿನ ಸಾಲು ಕುಸಿದು ಒಳಗಿನ ಕಡ್ಡಿ ಮುರಿಯುತ್ತದೆ. ಪ್ರತಿ ಲೋಡಿಗೂ ಬರ್ಸ್ಟಿಂಗ್ ಟೆಸ್ಟ್ ರಿಪೋರ್ಟ್ ಈಗಿನಂತೆಯೇ ಬರಲಿ.

ನವೆಂಬರ್ 18ರ ಲೋಡನ್ನು 42 ರೂಪಾಯಿ ದರದಲ್ಲೇ ಬಿಲ್ ಮಾಡಿ ಕಳಿಸಿ. ಬೇರೆ ದರದ ಬಿಲ್ ಬಂದರೆ ನಮ್ಮ ಲೆಕ್ಕ ವಿಭಾಗ ಅದನ್ನು ವಾಪಸ್ ಕಳಿಸಬೇಕಾಗುತ್ತದೆ. ಸುಮ್ನೆ ಇಬ್ಬರಿಗೂ ತಡ. ಈ ಪತ್ರ ಒಪ್ಪಿಗೆ ಎಂದು 15ನೇ ತಾರೀಖಿನೊಳಗೆ ಒಂದು ಸಾಲು ಬರೆದು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಖರೀದಿ ವಿಭಾಗದ ಮ್ಯಾನೇಜರ್

ಜೊತೆಗೆ: ಸಹಿ ಮಾಡಿದ ಕರಾರಿನ ಪ್ರತಿ