ಕಾಫಿ ಮಂಡಿಯಲ್ಲಿ ಮೊದಲ ಸಂದರ್ಶನ: ಲೆಡ್ಜರ್ ಮತ್ತು ಬ್ಯಾಂಕ್ ರೀಕನ್ಸಿಲಿಯೇಷನ್ ಪ್ರಶ್ನೋತ್ತರ

ಬಿ.ಕಾಂ. ಮುಗಿಸಿ ಚಿಕ್ಕಮಗಳೂರಿನ ಕಾಫಿ ಖರೀದಿ ಕಚೇರಿಗೆ ಟ್ರೈನಿ ಅಕೌಂಟೆಂಟ್ ಆಗಿ ಸೇರಲು ಹೊರಟವರಿಗೆ ಇದನ್ನು ಬರೆದಿದ್ದೇನೆ. ಇಂಥ ಕಡೆ ಎದುರಿಗೆ ಕೂರುವವರು ಸಾಮಾನ್ಯವಾಗಿ ಇಬ್ಬರು. ಒಬ್ಬರು ಮಾಲೀಕರು, ಇನ್ನೊಬ್ಬರು ವರ್ಷಗಟ್ಟಲೆ ಅಲ್ಲೇ ಲೆಕ್ಕ ಬರೆದ ಹಿರಿಯ ಅಕೌಂಟೆಂಟ್. ಮಾಲೀಕರು ನಿಮ್ಮ ಊರು ಕೇಳುತ್ತಾರೆ, ಹಿರಿಯರು ನಿಮ್ಮ ಲೆಕ್ಕ ಕೇಳುತ್ತಾರೆ. ಮನೆಯಲ್ಲಿ ಒಬ್ಬರು ಪ್ರಶ್ನೆ ಓದಲಿ, ನೀವು ಜೋರಾಗಿ ಉತ್ತರ ಹೇಳಿ. ಬಾಯಿಪಾಠ ಬೇಡ. ಮೊತ್ತ ಬದಲಾಯಿಸಿ ಇನ್ನೊಮ್ಮೆ ಮಾಡಿ ನೋಡಿ.

"ಎಲ್ಲಿಯವರಮ್ಮ ನೀವು? ಲೆಕ್ಕದ ಕೆಲಸವೇ ಯಾಕೆ?"

"ಸರ್, ನಮ್ಮೂರು ಆಲ್ದೂರಿನ ಹತ್ತಿರ. ಅಪ್ಪನಿಗೆ ಎರಡು ಎಕರೆ ಕಾಫಿ ಇದೆ, ನಡುವೆ ಮೆಣಸು. ಕಾಫಿ ಕೊಟ್ಟ ಚೀಟಿ, ಗೊಬ್ಬರದ ಬಿಲ್ಲು, ಬಟವಾಡೆ ಲೆಕ್ಕ ಎಲ್ಲ ಪಿಯುಸಿಯಿಂದಲೂ ನಾನೇ ಬರೆದಿಡುತ್ತಿದ್ದೇನೆ. ಬಿ.ಕಾಂ. ಓದುವಾಗ ಅದೇ ಲೆಕ್ಕವನ್ನು ಸರಿಯಾದ ಕ್ರಮದಲ್ಲಿ ಬರೆಯಲು ಕಲಿತೆ. ಕಚೇರಿಯಲ್ಲಿ ಕೆಲಸ ಮಾಡಿದ ಅನುಭವ ಇಲ್ಲ. ಟ್ಯಾಲಿ ಮೂರು ತಿಂಗಳು ಕಲಿತಿದ್ದೇನೆ."

ಅನುಭವ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ. ಅಲ್ಲಿ ಇಲ್ಲಿ ಕೆಲಸ ಮಾಡಿದ್ದೆ ಎಂದರೆ ಮುಂದಿನ ಎರಡು ಪ್ರಶ್ನೆಯಲ್ಲೇ ಗೊತ್ತಾಗಿಬಿಡುತ್ತದೆ.

"ಲೆಡ್ಜರ್ ಅಂದರೆ ಏನು? ಜರ್ನಲ್ ಬರೆದ ಮೇಲೆ ಅದು ಯಾಕೆ ಬೇಕು?"

"ಜರ್ನಲ್‌ನಲ್ಲಿ ವ್ಯವಹಾರ ನಡೆದ ದಿನದ ಪ್ರಕಾರ ಇರುತ್ತದೆ ಸರ್. ಲೆಡ್ಜರ್‌ನಲ್ಲಿ ಒಬ್ಬೊಬ್ಬರ, ಒಂದೊಂದು ವಿಷಯದ ಖಾತೆ ಬೇರೆ ಬೇರೆ ಇರುತ್ತದೆ. ಒಬ್ಬ ತೋಟದವರು ಬಂದು 'ನನ್ನದು ಎಷ್ಟು ಬಾಕಿ ಇದೆ?' ಎಂದು ಕೇಳಿದರೆ ಮೂರು ತಿಂಗಳ ಜರ್ನಲ್ ಹುಡುಕಲು ಆಗುವುದಿಲ್ಲ. ಅವರ ಖಾತೆ ತೆಗೆದರೆ ಒಂದೇ ಕಡೆ ಸಿಗುತ್ತದೆ."

"ಡೆಬಿಟ್, ಕ್ರೆಡಿಟ್ ನಿಯಮ ಹೇಳಿ."

"ವ್ಯಕ್ತಿಯ ಖಾತೆಯಲ್ಲಿ ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ಆಸ್ತಿಯ ಖಾತೆಯಲ್ಲಿ ಒಳಗೆ ಬಂದದ್ದು ಡೆಬಿಟ್, ಹೊರಗೆ ಹೋದದ್ದು ಕ್ರೆಡಿಟ್. ಖರ್ಚು, ನಷ್ಟ ಡೆಬಿಟ್. ಆದಾಯ, ಲಾಭ ಕ್ರೆಡಿಟ್."

ಇಷ್ಟು ಎಲ್ಲರೂ ಹೇಳುತ್ತಾರೆ. ಹಿರಿಯರು ಕಾಯುವುದು ಮುಂದಿನ ಪ್ರಶ್ನೆಗೆ.

"ನವೆಂಬರ್‌ನಲ್ಲಿ ಒಬ್ಬ ತೋಟದವರಿಗೆ ಚೆಕ್‌ನಲ್ಲಿ 50,000 ರೂಪಾಯಿ ಮುಂಗಡ ಕೊಟ್ಟೆವು. ಫೆಬ್ರವರಿಯಲ್ಲಿ ಅವರು 20 ಮೂಟೆ ರೊಬಸ್ಟಾ ಚೆರಿ ತಂದು ಹಾಕಿದರು, ಮೂಟೆಗೆ 10,000. ಹೇಗೆ ಬರೆಯುತ್ತೀರಿ?"

"ಮುಂಗಡ ಕೊಟ್ಟ ದಿನ ತೋಟದವರ ಖಾತೆಗೆ ಡೆಬಿಟ್ 50,000, ಬ್ಯಾಂಕ್ ಖಾತೆಗೆ ಕ್ರೆಡಿಟ್ 50,000. ಅದು ಇನ್ನೂ ಖರೀದಿ ಅಲ್ಲ ಸರ್, ಕಾಫಿ ಬಂದಿಲ್ಲವಲ್ಲ. ಅಲ್ಲಿಯವರೆಗೆ ಅವರಿಂದ ನಮಗೆ ಬರಬೇಕಾದ ಹಣ ಅದು. ಫೆಬ್ರವರಿಯಲ್ಲಿ ಕಾಫಿ ಬಂದ ದಿನ ಖರೀದಿ ಖಾತೆಗೆ ಡೆಬಿಟ್ 2,00,000, ಅವರ ಖಾತೆಗೆ ಕ್ರೆಡಿಟ್ 2,00,000. ಈಗ ಅವರ ಖಾತೆಯಲ್ಲಿ 1,50,000 ಕ್ರೆಡಿಟ್ ಉಳಿಯುತ್ತದೆ. ನಾವು ಕೊಡಬೇಕಾದದ್ದು ಅಷ್ಟೇ."

ಈ ಉತ್ತರವನ್ನು ನಿಧಾನವಾಗಿ ಹೇಳಿ. ಮುಂಗಡವನ್ನು ಕೊಟ್ಟ ದಿನವೇ ಖರೀದಿಗೋ ಖರ್ಚಿಗೋ ಬರೆದುಬಿಡುವುದು ಹೊಸಬರು ಜಾಸ್ತಿ ಮಾಡುವ ತಪ್ಪು. ಹಾಗೆ ಬರೆದರೆ ಕಾಫಿ ಬಂದಾಗ ತೋಟದವರ ಖಾತೆ ಪೂರ್ತಿ ಎರಡು ಲಕ್ಷ ತೋರಿಸುತ್ತದೆ. ಯಾರಿಗೂ ನೆನಪಾಗದಿದ್ದರೆ ಮುಂಗಡ ಕೊಟ್ಟ ಐವತ್ತು ಸಾವಿರ ಎರಡನೇ ಸಲ ಹೋಗುತ್ತದೆ.

"ಶನಿವಾರ ಬಟವಾಡೆಗೆ ಬ್ಯಾಂಕಿನಿಂದ 60,000 ತೆಗೆದೆವು. ಟ್ಯಾಲಿಯಲ್ಲಿ ಎಲ್ಲಿ ಹಾಕುತ್ತೀರಿ?"

"ತೆಗೆದದ್ದು `F4`, ಕಾಂಟ್ರಾ. ನಗದು ಡೆಬಿಟ್, ಬ್ಯಾಂಕ್ ಕ್ರೆಡಿಟ್. ಹಣ ನಮ್ಮಲ್ಲೇ ಇದೆ, ಜಾಗ ಮಾತ್ರ ಬದಲಾಗಿದೆ. ಕೂಲಿ ಕೊಟ್ಟ ಮೇಲೆ `F5`, ಪೇಮೆಂಟ್. ಕೂಲಿ ಡೆಬಿಟ್, ನಗದು ಕ್ರೆಡಿಟ್."

"ತಾಳೆಪಟ್ಟಿ ಎರಡೂ ಕಡೆ ಸರಿ ಬಂತು. ಹಾಗಾದರೆ ಲೆಕ್ಕ ಸರಿ ಇದೆ ಅಲ್ವಾ?"

"ಹಾಗೆ ಹೇಳಲು ಆಗುವುದಿಲ್ಲ ಸರ್. ಒಂದು ಬಿಲ್ಲನ್ನು ಬರೆಯದೇ ಬಿಟ್ಟರೂ ತಾಳೆ ಬರುತ್ತದೆ. ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಹಾಕಿದರೂ ಬರುತ್ತದೆ. ಹೊಸ ತೂಕದ ಯಂತ್ರ ಕೊಂಡದ್ದನ್ನು ರಿಪೇರಿ ಖರ್ಚು ಎಂದು ಬರೆದರೂ ಬರುತ್ತದೆ."

"ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಡೆಬಿಟ್ ಬಾಕಿ ತೋರಿಸುತ್ತದೆ, ಪಾಸ್‌ಬುಕ್‌ನಲ್ಲಿ ಕ್ರೆಡಿಟ್ ಇದೆ. ಯಾರದು ತಪ್ಪು?"

"ಯಾರದೂ ಅಲ್ಲ ಸರ್. ನಮಗೆ ಬ್ಯಾಂಕು ಹಣ ಕೊಡಬೇಕು, ಹಾಗಾಗಿ ನಮ್ಮ ಪುಸ್ತಕದಲ್ಲಿ ಡೆಬಿಟ್. ಪಾಸ್‌ಬುಕ್ ಬ್ಯಾಂಕಿನ ಪುಸ್ತಕದ ನಕಲು. ಬ್ಯಾಂಕಿಗೆ ನಾವು ಸಾಲ ಕೊಟ್ಟವರಿದ್ದ ಹಾಗೆ, ಅವರಿಗೆ ಅದು ಕೊಡಬೇಕಾದ ಹಣ, ಹಾಗಾಗಿ ಕ್ರೆಡಿಟ್. ಓವರ್‌ಡ್ರಾಫ್ಟ್ ಇದ್ದರೆ ಇದು ತಿರುಗುಮುರುಗು ಆಗುತ್ತದೆ."

"ಸರಿ, ಈ ಹಾಳೆ ತಗೊಳ್ಳಿ. ಜನವರಿ 31ಕ್ಕೆ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಬಾಕಿ 2,84,350. ಪಾಸ್‌ಬುಕ್‌ನಲ್ಲಿ 3,06,834. ರೀಕನ್ಸಿಲಿಯೇಷನ್ ಮಾಡಿ ತೋರಿಸಿ."

ಸಂದರ್ಶನದ ಮುಕ್ಕಾಲು ಭಾಗ ಇಲ್ಲೇ ಇದೆ. ಎರಡು ಮೊತ್ತ ನೋಡಿದ ಕೂಡಲೇ ಕಳೆಯಲು ಹೋಗಬೇಡಿ. ಪೆನ್ಸಿಲ್ ತಗೊಳ್ಳಿ. ಮೊದಲು ಡಿಸೆಂಬರ್‌ನ ರೀಕನ್ಸಿಲಿಯೇಷನ್ ಪಟ್ಟಿಯಲ್ಲಿ ಬಾಕಿ ಉಳಿದದ್ದು ಏನಾದರೂ ಇದೆಯಾ ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳಿದರೆ ಹಿರಿಯರು ಮುಖ ಎತ್ತಿ ನೋಡುತ್ತಾರೆ. ಆಮೇಲೆ ಎರಡೂ ಕಡೆ ಇರುವ ಸಾಲುಗಳಿಗೆ ಒಂದೊಂದೇ ಟಿಕ್ ಹಾಕುತ್ತಾ ಬನ್ನಿ. ಟಿಕ್ ಬೀಳದೆ ಉಳಿದ ಸಾಲುಗಳೇ ನಿಮ್ಮ ಉತ್ತರ.

"ಸರ್, ಹಿಂದಿನ ತಿಂಗಳದ್ದು ಏನೂ ಬಾಕಿ ಇಲ್ಲ. ಪಾಸ್‌ಬುಕ್‌ನಲ್ಲಿದ್ದು ನಮ್ಮಲ್ಲಿ ಇಲ್ಲದ್ದು ಎರಡು. ಒಬ್ಬ ಗ್ರಾಹಕರು ನೇರವಾಗಿ ನೆಫ್ಟ್ ಮಾಡಿದ 38,000, ಬ್ಯಾಂಕ್ ಹಿಡಿದ ಶುಲ್ಕ 236. ಶುಲ್ಕದಲ್ಲಿ 200 ಬ್ಯಾಂಕಿನದು, 36 ಜಿಎಸ್‌ಟಿ. ಇನ್ನೊಂದು ಸಾಲು ಎರಡೂ ಕಡೆ ಇದೆ, ಆದರೆ ಮೊತ್ತ ಬೇರೆ. ಟಾರ್ಪಾಲು ಅಂಗಡಿಗೆ ಕೊಟ್ಟ ಚೆಕ್ ಪಾಸ್‌ಬುಕ್‌ನಲ್ಲಿ 5,640, ನಮ್ಮಲ್ಲಿ 5,460 ಎಂದು ಬರೆದಿದೆ. ಚೆಕ್‌ಬುಕ್ಕಿನ ಕೌಂಟರ್‌ಫಾಯಿಲ್ ನೋಡಿದೆ, 5,640 ಸರಿ. ಈ ಮೂರನ್ನು ನಮ್ಮ ಪುಸ್ತಕದಲ್ಲೇ ಸರಿ ಮಾಡಬೇಕು."

ನಮ್ಮ ಪುಸ್ತಕದ ಬಾಕಿ: 2,84,350
ಕೂಡಿಸಿ, ನೇರ ಜಮೆ: 38,000
ಕಳೆಯಿರಿ, ಬ್ಯಾಂಕ್ ಶುಲ್ಕ: 236
ಕಳೆಯಿರಿ, ಚೆಕ್ ಕಡಿಮೆ ಬರೆದದ್ದು: 180
ಸರಿಪಡಿಸಿದ ಬಾಕಿ: 3,21,934

"ಇನ್ನು ನಮ್ಮಲ್ಲಿದ್ದು ಪಾಸ್‌ಬುಕ್‌ನಲ್ಲಿ ಬಾರದ್ದು. ಲಾರಿಯವರಿಗೆ ಕೊಟ್ಟ ಚೆಕ್ 18,500, ಗೋಣಿಚೀಲದ ಅಂಗಡಿಯ ಚೆಕ್ 12,400. ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಹಾಸನದ ಕಾಫಿಪುಡಿ ಅಂಗಡಿಯವರ 46,000ದ ಚೆಕ್ಕನ್ನು 31ರ ಸಂಜೆ ನಾವು ಬ್ಯಾಂಕಿನ ಡಬ್ಬಿಗೆ ಹಾಕಿದ್ದು, ಇನ್ನೂ ಜಮೆ ಆಗಿಲ್ಲ. ಇವಕ್ಕೆ ನಾವು ಹೊಸದಾಗಿ ಏನೂ ಬರೆಯಬೇಕಿಲ್ಲ, ಪಟ್ಟಿಯಲ್ಲಿ ತೋರಿಸಿದರೆ ಸಾಕು."

ಸರಿಪಡಿಸಿದ ಬಾಕಿ: 3,21,934
ಕೂಡಿಸಿ, ಕೊಟ್ಟರೂ ಪಾಸಾಗದ ಚೆಕ್: 30,900
ಕಳೆಯಿರಿ, ಹಾಕಿದರೂ ಜಮೆಯಾಗದ ಚೆಕ್: 46,000
ಪಾಸ್‌ಬುಕ್ ಬಾಕಿ: 3,06,834

ನೋಡಿ, ಯಾವುದು ನಮ್ಮ ಪುಸ್ತಕಕ್ಕೆ ಬರೆಯಬೇಕಾದದ್ದು, ಯಾವುದು ಸುಮ್ನೆ ಕಾಯಬೇಕಾದದ್ದು ಎಂದು ಇವರು ಬೇರೆ ಮಾಡಿದರು. ಕಾಲೇಜಿನಲ್ಲಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೂಡಿ ಕಳೆದು ಉತ್ತರ ತರುತ್ತೇವೆ, ಅಂಕವೂ ಬರುತ್ತದೆ. ಕಚೇರಿಯಲ್ಲಿ ಹಾಗೆ ಮಾಡಿದರೆ ಆ 38,000 ಪಟ್ಟಿಯಲ್ಲೇ ಉಳಿದುಬಿಡುತ್ತದೆ, ಗ್ರಾಹಕರ ಖಾತೆಗೆ ಹೋಗುವುದೇ ಇಲ್ಲ.

"180 ವ್ಯತ್ಯಾಸ ಎಂದಾಗ ನಿಮಗೆ ಮೊದಲು ಏನು ಹೊಳೆಯಬೇಕು?"

"ಒಂಬತ್ತರಿಂದ ಭಾಗ ಆಗುತ್ತಾ ಎಂದು ನೋಡುತ್ತೇನೆ. ಭಾಗ ಆದರೆ ಅಂಕಿ ಅದಲುಬದಲು ಆಗಿರಬಹುದು. 46 ಬರೆಯುವ ಕಡೆ 64, ಹಾಗೆ. ಅದೇ ಕಾರಣ ಎಂದು ಖಚಿತ ಇಲ್ಲ, ಹುಡುಕಲು ಒಂದು ದಾರಿ ಅಷ್ಟೇ. ಎರಡರಿಂದ ಭಾಗಿಸಿ 90ರ ಒಂದು ಮೊತ್ತ ಇದೆಯಾ ಎಂದೂ ನೋಡುತ್ತೇನೆ. ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಆಗಿದ್ದರೆ ವ್ಯತ್ಯಾಸ ಎರಡರಷ್ಟು ಬರುತ್ತದೆ."

"ಆ 46,000ದ ಚೆಕ್ ಬೌನ್ಸ್ ಆಯಿತು ಅಂತಿಟ್ಟುಕೊಳ್ಳಿ."

"ಅಂಗಡಿಯವರ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಅವರ ಬಾಕಿ ಮತ್ತೆ ತೆರೆಯುತ್ತದೆ. ಬ್ಯಾಂಕ್ ಹಿಡಿದ ಶುಲ್ಕವನ್ನು ಬೇರೆ ಬರೆಯುತ್ತೇನೆ. ಮತ್ತೆ, ಅದೇ ದಿನ ನಿಮಗೆ ತಿಳಿಸುತ್ತೇನೆ ಸರ್. ಚೆಕ್ ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ನಾನು ತಿಂಗಳ ಕೊನೆಗೆ ನೋಡಿದರೆ ಆ ದಿನಗಳು ಕಳೆದುಹೋಗಬಹುದು."

"ಲಾರಿಯವರು ಆ ಚೆಕ್ಕನ್ನು ನಾಲ್ಕು ತಿಂಗಳಾದರೂ ಬ್ಯಾಂಕಿಗೆ ಹಾಕಲಿಲ್ಲ."

"ಚೆಕ್ಕಿನ ಅವಧಿ ಅದರ ತಾರೀಕಿನಿಂದ ಮೂರು ತಿಂಗಳು. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ಮೂರಾಯಿತು. ಹಾಗಾಗಿ ಬ್ಯಾಂಕಿಗೆ ಡೆಬಿಟ್, ಲಾರಿಯವರಿಗೆ ಕ್ರೆಡಿಟ್ ಬರೆದು ವಾಪಸ್ ತರುತ್ತೇನೆ. ಅವರಿಗೆ ಫೋನ್ ಮಾಡಿ ಕೇಳುತ್ತೇನೆ. ಹಣ ಅವರಿಗೆ ಕೊಡಬೇಕಾದದ್ದೇ, ಅದನ್ನು ಆದಾಯ ಎಂದು ಬರೆಯಬಾರದು."

"ಎಷ್ಟು ಹುಡುಕಿದರೂ 270 ರೂಪಾಯಿ ಸಿಗುತ್ತಿಲ್ಲ. ಮಾಲೀಕರು 'ಇತರೆ ಖರ್ಚಿಗೆ ಹಾಕಿ ಮುಗಿಸಮ್ಮ' ಅಂತಾರೆ. ಏನು ಮಾಡುತ್ತೀರಿ?"

"ಸರ್, ಪಟ್ಟಿಯಲ್ಲಿ 'ಕಾರಣ ಸಿಗದ ವ್ಯತ್ಯಾಸ 270' ಎಂದೇ ಬರೆದು ನಿಮ್ಮ ಮುಂದೆ ಇಡುತ್ತೇನೆ. ಖರ್ಚಿಗೆ ಹಾಕುವುದಿಲ್ಲ. ಸಣ್ಣ ಮೊತ್ತ ಎಂದರೆ ಸಣ್ಣ ತಪ್ಪು ಎಂದಲ್ಲ. ಇನ್ನೊಂದು ದಿನ ಕೊಡಿ, ಸ್ಟೇಟ್‌ಮೆಂಟನ್ನು ಮೊದಲ ತಾರೀಕಿನಿಂದ ಮತ್ತೆ ನೋಡುತ್ತೇನೆ."

ಈ ಪ್ರಶ್ನೆ ನನ್ನದೇ ಬದುಕಿನದು. ಮೊದಲ ಕೆಲಸದಲ್ಲಿ, ನಾಲ್ಕನೇ ತಿಂಗಳು, ಪಾಸ್‌ಬುಕ್ ನಮ್ಮ ಪುಸ್ತಕಕ್ಕಿಂತ 270 ಕಡಿಮೆ ಬಂತು. ರಾತ್ರಿ ಎಂಟಾಗಿತ್ತು, ಕೊನೆ ಬಸ್ಸು ಹೋಗುವ ಹೊತ್ತು. ಇತರೆ ಖರ್ಚಿಗೆ ಬರೆದು ಎದ್ದುಬಿಟ್ಟೆ. ಎರಡು ತಿಂಗಳಾದ ಮೇಲೆ ಒಬ್ಬ ಗ್ರಾಹಕರು ಫೋನ್ ಮಾಡಿದರು. ಅವರು ಹಾಕಿದ ಹಣಕ್ಕೆ ನಾವು ಮತ್ತೆ ಬಾಕಿ ಕೇಳಿ ಕಾಗದ ಕಳಿಸಿದ್ದೆವು. ಹುಡುಕಿದರೆ, ಅವರ 26,730 ಜಮೆ ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ. ಅದೇ ವಾರ ನಾವು ಬೇರೊಬ್ಬರಿಗೆ ಕೊಟ್ಟ 27,000ವೂ ಇರಲಿಲ್ಲ. ಎರಡು ದೊಡ್ಡ ತಪ್ಪು ಒಂದಕ್ಕೊಂದು ಕಳೆದು 270 ಮಾತ್ರ ಮೇಲೆ ಕಾಣುತ್ತಿತ್ತು. ವಯಸ್ಸಾದ ಆ ಗ್ರಾಹಕರು ಬೈಯಲಿಲ್ಲ. "ನಾನು ಹಾಕಿದ್ದೆನಲ್ಲಪ್ಪ" ಎಂದಷ್ಟೇ ಹೇಳಿದರು. ಆ ಧ್ವನಿ ಇನ್ನೂ ಕಿವಿಯಲ್ಲಿದೆ.

"ನಮ್ಮನ್ನು ಏನಾದರೂ ಕೇಳಬೇಕಾ?"

ಸಂಬಳ, ರಜೆ ಕೇಳಿ, ಸಂಕೋಚ ಬೇಡ. ಅದಕ್ಕೂ ಮೊದಲು ಇದನ್ನು ಕೇಳಿ:

"ಸರ್, ಇಲ್ಲಿ ಬ್ಯಾಂಕ್ ರೀಕನ್ಸಿಲಿಯೇಷನ್ ತಿಂಗಳಿಗೊಮ್ಮೆ ಮಾಡುತ್ತೀರಾ, ವಾರಕ್ಕೊಮ್ಮೆಯಾ? ಕೊಯ್ಲಿನ ಸಮಯದಲ್ಲಿ ದಿನಕ್ಕೆ ಎಷ್ಟು ಪಾವತಿ ಇರುತ್ತದೆ? ಹೋದ ತಿಂಗಳ ಪಟ್ಟಿ ಇದ್ದರೆ ಒಮ್ಮೆ ನೋಡಬಹುದಾ?"